ಚೀಟಿ ದುಡ್ಡು ಮುಟ್ಟಿ ಊರು ಬಿಟ್ಟ ತಮ್ಮ: ಇವನಿಗೆ ಪಶ್ಚಾತ್ತಾಪ ಇಲ್ವಾ, ಅಥವಾ ನಾಚಿಕೆ ಜಾಸ್ತಿಯಾಯ್ತಾ?

ದೊಡ್ಡಕ್ಕ · ಸೋಮವಾರ, ರಾತ್ರಿ 10:40

ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ನಮ್ಮದು ಹಾಸನದ ಕಡೆ ಒಂದು ತಾಲ್ಲೂಕು ಊರು. ತಮ್ಮನಿಗೆ ಮೂವತ್ತೊಂದು. ಬಸ್ ಸ್ಟ್ಯಾಂಡ್ ಹತ್ರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಒಂದು ಚೀಟಿ ಶುರು ಮಾಡಿದ. 20 ಜನ, ತಿಂಗಳಿಗೆ 5,000, ಕೂಗು ಗೀಗು ಏನಿಲ್ಲ, ಹೆಸರು ಬರೆದು ಡಬ್ಬಿಯಿಂದ ಎತ್ತೋದು, ಬಂದವರಿಗೆ 1 ಲಕ್ಷ. ಒಂಬತ್ತು ತಿಂಗಳು ಗಡಿಯಾರದ ಥರ ನಡೀತು.

ಹತ್ತನೇ ತಿಂಗಳು ಯಾರೋ ಕಮ್ಮಿಗೆ ಡಿಸ್‌ಪ್ಲೇ ಕೊಡಿಸ್ತೀನಿ ಅಂದ್ರಂತೆ, ಚೀಟಿ ದುಡ್ಡಲ್ಲಿ 60,000 ತೆಗೆದು ಕೊಟ್ಟ. ಮಾಲೂ ಬರಲಿಲ್ಲ, ಆ ಮನುಷ್ಯನೂ ಸಿಗಲಿಲ್ಲ. ಯಾರಿಗೂ ಹೇಳದೆ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ 60,000 ಕೈಸಾಲ ತಂದು ಆ ಗುಂಡಿ ಮುಚ್ಚಿದ. ಬಡ್ಡಿ ಕಟ್ಟೋಕಾಗದೆ ಅದು ಅಸಲಿಗೆ ಸೇರ್ತಾ ಹೋಯ್ತು. ಹದಿನೆಂಟನೇ ತಿಂಗಳು ಸಾಲ ಕೊಟ್ಟವನು ಅಂಗಡಿ ಮುಂದೆ ಬಂದು ಕೂತಾಗ, ಆ ತಿಂಗಳ ಚೀಟಿಯಿಂದಲೇ 88,600 ಎಣಿಸಿ ಕೊಟ್ಟಿದ್ದಾನೆ. ಆ ತಿಂಗಳ ಚೀಟಿ ಹತ್ತಿದ್ದು ನಮ್ಮ ಬೀದಿಯಲ್ಲೇ ಬಟ್ಟೆ ಹೊಲಿಯೋ ಅಕ್ಕನಿಗೆ. ಮಗಳ ಕಾಲೇಜ್ ಫೀಸಿಗೆ ಅಂತ ಕಾಯ್ತಿದ್ರು. ಅವರು ನಮ್ಮಮ್ಮನ ಹತ್ರ ಬಂದಾಗಲೇ ನಮಗೆ ಗೊತ್ತಾಗಿದ್ದು.

ಈಗ ಅವನು ತುಮಕೂರಲ್ಲಿ ಸ್ನೇಹಿತನ ರೂಮಲ್ಲಿದ್ದಾನೆ. ಒಂದೇ ಒಂದು ಸಲ ಫೋನ್ ಎತ್ತಿದ. ನಾನು ಕೇಳಿದ್ದು ಒಂದೇ ಮಾತು, "ಆ ಅಕ್ಕನ ಮುಖ ನೋಡಿ ನಿಂಗೇನೂ ಅನ್ನಿಸಲಿಲ್ವಾ?" ಅದಕ್ಕೆ, "ನೀವು ಯಾವತ್ತು ನನ್ನ ಮನುಷ್ಯ ಅಂತ ನೋಡಿದ್ದೀರಾ, ಆಯಮ್ಮಂಗೆ ಒಂದು ತಿಂಗಳು ತಡ್ಕೊಳ್ಳೋಕೆ ಏನು ಬಂದಿತ್ತು" ಅಂತ ಕಿರುಚಿ ಇಟ್ಟುಬಿಟ್ಟ. ಆಮೇಲೆ ಅಮ್ಮನಿಗೆ ಒಂದು ಮೆಸೇಜು: "ನಾನು ಸತ್ತೆ ಅಂದ್ಕೊಳ್ಳಿ."

ತಪ್ಪು ಮಾಡಿದವನಿಗೆ ಸಿಟ್ಟು ಯಾಕೆ ಬರುತ್ತೆ? ಇವನಿಗೆ ತಪ್ಪು ಅಂತ ಅನ್ನಿಸೇ ಇಲ್ವಾ? ಹಣದ ವ್ಯವಸ್ಥೆ ಆಮೇಲೆ. ನನಗೆ ಇವನು ಅರ್ಥ ಆಗಬೇಕು.

ಹುಬ್ಬಳ್ಳಿ ಮೇಲ್ · ಸೋಮವಾರ, ರಾತ್ರಿ 11:05

ಅಕ್ಕಾರ, ರಜಿಸ್ಟರ್ ಆಗದ ಚೀಟಿ ನಡಸೂದು 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ತಪ್ಪೈತ್ರಿ. ಆ ಟೇಲರ್ ಬಾಯಾರ ಕಡೆಯಿಂದ ಸ್ಟೇಷನ್ದಾಗ ಒಂದು ಕಂಪ್ಲೇಂಟ್ ಕೊಡಸ್ರಿ. ಎರಡು ದಿನದಾಗ ತಾನಾಗೇ ಬರ್ತಾನ. ಇದರಾಗ ಮನಸ್ಸು ಅರ್ಥ ಮಾಡ್ಕೊಳ್ಳೂದು ಏನೈತ್ರಿ?

ದೊಡ್ಡಕ್ಕ · ಸೋಮವಾರ, ರಾತ್ರಿ 11:12

ಅಣ್ಣ, ನಾನು ಕೇಳಿದ್ದು ಅದಲ್ಲ. ಕಂಪ್ಲೇಂಟ್ ಕೊಡೋದು ಬಿಡೋದು ಆ ಅಕ್ಕನಿಗೆ ಬಿಟ್ಟಿದ್ದು, ನಾವು ತಡೆಯಲ್ಲ.

ಹಳೇ ಕೇಸ್ ಶೀಟ್ · ಸೋಮವಾರ, ರಾತ್ರಿ 11:30

ಅಮ್ಮಾ, ಬೇರೆ ಎಲ್ಲದಕ್ಕೂ ಮೊದಲು ಆ ಮೆಸೇಜಿನ ವಿಷಯ. "ಸತ್ತೆ ಅಂದ್ಕೊಳ್ಳಿ" ಅನ್ನೋದನ್ನ ಸಿನಿಮಾ ಡೈಲಾಗ್ ಅಂತ ಬಿಡಬೇಡಿ. ಈಗಲೇ ಆ ರೂಮಿನ ಸ್ನೇಹಿತನಿಗೆ ಫೋನ್ ಮಾಡಿ, ಇವತ್ತು ರಾತ್ರಿ ಒಬ್ಬನನ್ನೇ ಬಿಡಬೇಡ ಅಂತ ಹೇಳಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ರೆ ತಲೆಗೆ ಹೊಳೆಯುತ್ತೆ ಅನ್ನೋದು ಸುಳ್ಳು. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಇರ್ತಾರೆ. ಇದು ಮುಗಿಸಿ ಬನ್ನಿ, ಉಳಿದದ್ದು ನಾಳೆ ಬರೀತೀನಿ.

ಪುಸ್ತಕದ ಹುಳು · ಮಂಗಳವಾರ, ಬೆಳಿಗ್ಗೆ 7:50

ಇದು ಹಳೇ ಚರ್ಚೆ. ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ 1946ರಲ್ಲಿ ಜಪಾನಿನ ಬಗ್ಗೆ ಬರೆದಾಗ ಇದನ್ನೇ ಹೇಳಿದ್ದು. ಕೆಲವು ಸಮಾಜಗಳು ನಾಚಿಕೆಯ ಮೇಲೆ ನಿಂತಿವೆ, ಕೆಲವು ಪಾಪಪ್ರಜ್ಞೆಯ ಮೇಲೆ. ಪಾಪಪ್ರಜ್ಞೆ ಒಳಗಿನ ದನಿ, ಯಾರೂ ನೋಡದಿದ್ದರೂ ಚುಚ್ಚುತ್ತೆ. ನಾಚಿಕೆಗೆ ನೋಡುವ ನಾಲ್ಕು ಜನ ಬೇಕು. ನಮ್ಮದು "ನಾಲ್ಕು ಜನ ಏನಂತಾರೆ" ಸಮಾಜ. ನಿಮ್ಮ ತಮ್ಮ ಎಂಟು ತಿಂಗಳು ಆರಾಮಾಗಿದ್ದ, ಬೀದಿಗೆ ಗೊತ್ತಾದ ದಿನ ಓಡಿದ. ಅಂದರೆ ಅವನಿಗಿರೋದು ಬರೀ ನಾಚಿಕೆ. ಒಳಗೆ ಏನೂ ಇಲ್ಲ.

ದೊಡ್ಡಕ್ಕ · ಮಂಗಳವಾರ, ಬೆಳಿಗ್ಗೆ 9:15

ಕೇಸ್ ಶೀಟ್ ಅವರೇ, ರಾತ್ರಿಯೇ ಮಾತಾಡಿದೆ. ಸ್ನೇಹಿತ ಒಳ್ಳೇ ಹುಡುಗ, ಕೆಲಸಕ್ಕೆ ರಜ ಹಾಕಿದ್ದಾನೆ. ಕೇಳಿದನಂತೆ. "ಸಾಯಲ್ಲ, ಆದ್ರೆ ಯಾರಿಗೂ ಕಾಣಿಸದ ಹಾಗೆ ಹೋಗ್ಬೇಕು" ಅಂದನಂತೆ. ಮೂರು ದಿನದಿಂದ ಕಿಟಕಿ ತೆಗೆದಿಲ್ಲವಂತೆ. ಆ ಹುಡುಗನೇ 14416ಕ್ಕೆ ಮಾಡಿ ಕೊಟ್ಟನಂತೆ, ಹತ್ತು ನಿಮಿಷ ಮಾತಾಡಿದ್ದಾನೆ.

ಪುಸ್ತಕದ ಹುಳು ಅವರೇ, ಎಂಟು ತಿಂಗಳು ಆರಾಮಾಗೇನೂ ಇರಲಿಲ್ಲ. ಈಗ ಹಿಂದಕ್ಕೆ ನೋಡಿದ್ರೆ ಗೊತ್ತಾಗ್ತಿದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಬಂದವನು ಒಳಗೂ ಬರಲಿಲ್ಲ, ಗೇಟಲ್ಲೇ ಕೊಟ್ಟು ಹೋದ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ.

ಹಳೇ ಕೇಸ್ ಶೀಟ್ · ಮಂಗಳವಾರ, ಮಧ್ಯಾಹ್ನ 2:20

ಆ ಗೇಟಿನ ವಿಷಯದಿಂದಲೇ ಶುರು ಮಾಡ್ತೀನಿ. ನಾನು ಇಪ್ಪತ್ತಾರು ವರ್ಷ ಕುಡಿತ ಬಿಡಿಸುವ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತನಾಗಿದ್ದವನು. ಈಗ ನಿವೃತ್ತ.

ಪುಸ್ತಕದ ಹುಳು ಹೇಳಿದ್ದು ಅರ್ಧ ಸರಿ. ಬೆನೆಡಿಕ್ಟ್ ಜಪಾನಿಗೆ ಹೋಗದೆಯೇ, ಯುದ್ಧದ ಕಾಲದಲ್ಲಿ ಅಮೆರಿಕದಲ್ಲೇ ಕೂತು ಮಾಡಿದ ಅಧ್ಯಯನ ಅದು. ಒಳಗು–ಹೊರಗು ಅನ್ನೋ ಗೆರೆ ಆಮೇಲೆ ನಿಲ್ಲಲಿಲ್ಲ. ಜೂನ್ ಟ್ಯಾಂಗ್ನಿ ಅನ್ನೋ ಮನಶ್ಶಾಸ್ತ್ರಜ್ಞೆ ತಮ್ಮ ಜೊತೆಗಾರರೊಡನೆ ಜನರಿಂದ ಅವರವರ ಅನುಭವ ಬರೆಸಿ ನೋಡಿದಾಗ, ಒಬ್ಬರೇ ಇದ್ದಾಗ ಗಿಲ್ಟ್, ಅಂದರೆ ಆ ಪಾಪಪ್ರಜ್ಞೆ, ಆದಷ್ಟೇ ಸಲೀಸಾಗಿ ಒಬ್ಬರೇ ಇದ್ದಾಗ ನಾಚಿಕೆಯೂ ಆಗಿತ್ತು. ನೋಡುವ ನಾಲ್ಕು ಜನ ಎದುರಿಗೇ ಇರಬೇಕಿಲ್ಲ, ನಮ್ಮ ತಲೆಯೊಳಗೇ ಮನೆ ಮಾಡಿಕೊಂಡಿರ್ತಾರೆ. ಯಾರಿಗೂ ಗೊತ್ತಿಲ್ಲದಾಗಲೇ ಹುಡುಗ ಗೇಟ್ ದಾಟಲಿಲ್ಲ ಅಂದರೆ ಅದೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮನಸ್ಸಿನ ಬೊಟ್ಟು ಯಾವುದರ ಕಡೆ ತೋರಿಸ್ತಿದೆ ಅನ್ನೋದರಲ್ಲಿ. ಗಿಲ್ಟ್ ಬೊಟ್ಟು ಮಾಡೋದು ಮಾಡಿದ ಕೆಲಸದ ಕಡೆಗೆ. ನಾಚಿಕೆ ಬೊಟ್ಟು ಮಾಡೋದು ಮಾಡಿದವನ ಕಡೆಗೆ. ಮದುವೆಹೆಣ್ಣಿನ ನಾಚಿಕೆಗೂ ಇದಕ್ಕೂ ನಮ್ಮಲ್ಲಿ ಒಂದೇ ಪದ, ಅದೊಂದು ತೊಂದರೆ. ಆದರೆ ನಮ್ಮ ಆಡುಮಾತು ಇದನ್ನ ಚೆನ್ನಾಗೇ ಬೇರೆ ಮಾಡುತ್ತೆ. "ಅವರಿಗೆ ಅನ್ಯಾಯ ಮಾಡಿಬಿಟ್ಟೆ" ಅನ್ನೋನ ಮಾತಲ್ಲಿ ಇನ್ನೊಬ್ಬರಿದ್ದಾರೆ. "ಯಾವ ಮುಖ ಇಟ್ಕೊಂಡು ಹೋಗ್ಲಿ" ಅನ್ನೋನ ಮಾತಲ್ಲಿ ಬರೀ ಅವನ ಮುಖ ಇದೆ.

1994ರಲ್ಲಿ ನೀಡೆಂತಾಲ್, ಟ್ಯಾಂಗ್ನಿ, ಗವಾನ್‌ಸ್ಕಿ ಅನ್ನೋ ಮೂವರು ಮಾಡಿದ್ದು ನನಗೆ ವಾರ್ಡಿನಲ್ಲಿ ಬಹಳ ಉಪಯೋಗಕ್ಕೆ ಬಂತು. ನಡೆದುಹೋದದ್ದನ್ನ ಮನಸ್ಸಿನಲ್ಲೇ ತಿದ್ದಿ ಅಂತ ಜನರಿಗೆ ಹೇಳಿದರು. ಗಿಲ್ಟ್‌ನಲ್ಲಿದ್ದವರು ಹೆಚ್ಚಾಗಿ ಕೆಲಸವನ್ನ ತಿದ್ದಿದರು, "ಅವತ್ತು ನಾನು ಹಾಗೆ ಮಾಡದೇ ಇದ್ದಿದ್ರೆ." ನಾಚಿಕೆಯಲ್ಲಿದ್ದವರು ಹೆಚ್ಚಾಗಿ ತಮ್ಮನ್ನೇ ತಿದ್ದಿದರು, "ನಾನು ಇಂಥವನಾಗದೇ ಇದ್ದಿದ್ರೆ." ಈ ಎರಡನೇ ವಾಕ್ಯದ ಜೊತೆ ಏನು ಮಾಡೋಕಾಗುತ್ತೆ ಹೇಳಿ. 88,600 ತೀರಿಸಬಹುದು. "ನಾನು ಇಂಥವನು" ಅನ್ನೋದನ್ನ ಯಾವ ಕಂತಿನಲ್ಲಿ ತೀರಿಸೋದು? ತೀರಿಸೋಕಾಗದ ಸಾಲಗಾರ ಏನು ಮಾಡ್ತಾನೋ ನಾಚಿಕೆಯಲ್ಲಿರೋನೂ ಅದನ್ನೇ ಮಾಡ್ತಾನೆ. ಬೀದಿ ಬದಲಾಯಿಸ್ತಾನೆ.

ಸಿಟ್ಟು ಯಾಕೆ ಅಂದಿರಿ. "ನಾನು ಕೆಟ್ಟವನು" ಅನ್ನೋದು ಯಾರಿಗೂ ಬಹಳ ಹೊತ್ತು ತಡೆದುಕೊಳ್ಳೋ ಭಾರ ಅಲ್ಲ. ಬಚ್ಚಿಟ್ಟುಕೊಳ್ಳೋ ಜಾಗ ಸಿಗದಿದ್ದರೆ, ಎದುರಿಗಿರೋರನ್ನ ಕೆಟ್ಟವರನ್ನಾಗಿ ಮಾಡೋದೊಂದೇ ದಾರಿ. ನೀವು "ನಿಂಗೇನೂ ಅನ್ನಿಸಲಿಲ್ವಾ" ಅಂದಿರಿ. ಆ ಪ್ರಶ್ನೆ ದುಡ್ಡಿನದ್ದಲ್ಲ, ಅವನು ಮನುಷ್ಯನಾ ಅಲ್ವಾ ಅನ್ನೋದರದ್ದು. ಅವನು ಕೊಟ್ಟ ಉತ್ತರವೂ ಅದಕ್ಕೇ, ನೋಡಿ: "ಯಾವತ್ತು ನನ್ನ ಮನುಷ್ಯ ಅಂತ ನೋಡಿದ್ದೀರಾ." ನಿಮ್ಮನ್ನ ದೂರ್ತಿಲ್ಲ ತಾಯಿ, ಯಾರೇ ಆದರೂ ಅದನ್ನೇ ಕೇಳ್ತಿದ್ರು.

ಲೆಕ್ಕದ ಮೇಷ್ಟ್ರು · ಮಂಗಳವಾರ, ಸಂಜೆ 4:00

ಲೆಕ್ಕ ಹಾಕಿ ನೋಡಿದೆ. 60,000ಕ್ಕೆ ತಿಂಗಳಿಗೆ ಐದರಂತೆ, ಬಡ್ಡಿಗೆ ಬಡ್ಡಿ ಸೇರಿ ಎಂಟು ತಿಂಗಳಿಗೆ 88,647 ಆಗುತ್ತೆ. 47 ರೂಪಾಯಿ ಬಿಟ್ಟಿದ್ದಾನೆ ಪುಣ್ಯಾತ್ಮ. ಮೊದಲನೇ ತಿಂಗಳೇ ಆ 20 ಜನರ ಮುಂದೆ ಬಾಯಿಬಿಟ್ಟಿದ್ದರೆ ಗುಂಡಿ 60,000ದ್ದು. ಮೇಲಿನ 28,600 ತಪ್ಪಿಗೆ ಬಿದ್ದ ದಂಡ ಅಲ್ಲ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಟ್ಟಿದ ಬಾಡಿಗೆ.

ಕಡಲ ತಡಿ ಸಿಸ್ಟರ್ · ಮಂಗಳವಾರ, ರಾತ್ರಿ 9:30

ಓದಿ ನನ್ನದೇ ಒಂದು ನೆನಪಾಯ್ತು ಮಾರಾಯ್ರೆ. ಎಲ್ಲಿ ಅಂತ ಕೇಳ್ಬೇಡಿ.

ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ರಾತ್ರಿ ಪಾಳಿ. 11ನೇ ಬೆಡ್ಡಿನವರ ಬಿಪಿ ಮಾತ್ರೆ 12ನೇ ಬೆಡ್ಡಿನ ಅಜ್ಜನಿಗೆ ಕೊಟ್ಟುಬಿಟ್ಟೆ. ಎರಡು ನಿಮಿಷದಲ್ಲಿ ಗೊತ್ತಾಯ್ತು, ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗೆ. ಓಡಿ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅರ್ಧ ಗಂಟೆಗೊಮ್ಮೆ ಬಿಪಿ ನೋಡಿದೆವು, ಅಜ್ಜ ಬೆಳಿಗ್ಗೆ ಎದ್ದು ಚಾ ಕೇಳಿದ್ರು. ಅಲ್ಲಿವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅಜ್ಜ ಮಾತ್ರ.

ಬೆಳಿಗ್ಗೆ ಪಾಳಿ ಬದಲಾಗುವಾಗ ಇನ್‌ಚಾರ್ಜ್ ಎಲ್ಲರ ಎದುರು, "ನೀನು ನರ್ಸಾ? ನಿನಗೆ ಸರ್ಟಿಫಿಕೇಟ್ ಕೊಟ್ಟವರು ಯಾರು?" ಅಂದ್ರು. ಅಟೆಂಡರುಗಳೂ ಇದ್ರು. ಅವತ್ತಿಂದ ಮೂರು ವಾರದ ಮೇಲೆ ಇನ್ನೊಬ್ಬ ರೋಗಿಯ ರಾತ್ರಿ 2 ಗಂಟೆಯ ಆಂಟಿಬಯೋಟಿಕ್ ಹಾಕ್ಲಿಕ್ಕೆ ಮರೆತುಹೋಯ್ತು. 4 ಗಂಟೆಗೆ ನೆನಪಾಯ್ತು. ಹೇಳಿ ಆಗಲೇ ಹಾಕಬಹುದಿತ್ತು. ನಾನು ಎಂತ ಮಾಡಿದೆ ಗೊತ್ತುಂಟಾ? ಚಾರ್ಟಿನಲ್ಲಿ 2 ಗಂಟೆಗೆ ಕೊಟ್ಟಿದೆ ಅಂತ ಸಹಿ ಹಾಕಿ, ಬಾಟಲಿ ಸಿಂಕಿಗೆ ಸುರಿದೆ. ಆ ರೋಗಿಯ ಮುಖವೇ ಕಣ್ಣಿಗೆ ಬರ್ಲಿಲ್ಲ. ಬಂದದ್ದು ಇನ್‌ಚಾರ್ಜಿನ ಮುಖ.

ರೋಗಿಗೆ ಏನೂ ಆಗ್ಲಿಲ್ಲ, ಅದು ದೇವರ ದಯೆ. ಹದಿನಾಲ್ಕು ವರ್ಷ ಆಯ್ತು. ಮೊದಲನೆಯ ತಪ್ಪು ನೆನಪಾದರೆ ನಗು ಬರ್ತದೆ, ಎರಡನೆಯದನ್ನು ಇವತ್ತೇ ಮೊದಲ ಸಲ ಬರೆದದ್ದು.

ಹಳೇ ಕೇಸ್ ಶೀಟ್ · ಮಂಗಳವಾರ, ರಾತ್ರಿ 9:55

ಸಿಸ್ಟರ್, "ಬಂದದ್ದು ಇನ್‌ಚಾರ್ಜಿನ ಮುಖ" ಅಂದಿರಲ್ಲ, ನಾನು ಮೇಲೆ ಅಷ್ಟುದ್ದ ಬರೆದದ್ದು ಅಷ್ಟೇ. ಒಬ್ಬರೇ ಮನುಷ್ಯರು, ಮೂರು ವಾರದ ಅಂತರ. ಮೊದಲ ಸಲ ಹೇಳಿದವರೂ ನೀವೇ, ಎರಡನೇ ಸಲ ಸುರಿದವರೂ ನೀವೇ.

ಮೈಸೂರು ಪಾಕಶಾಲೆ · ಬುಧವಾರ, ಬೆಳಿಗ್ಗೆ 8:10

ಎಲ್ಲರೂ ನಾಚಿಕೆಗೆ ಬಯ್ಯೋದು ನೋಡಿ ನಗು ಬರ್ತಿದೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅಂತ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಾನ ಮರ್ಯಾದೆ ನಾಚಿಕೆ ಬಿಟ್ಟು ಬ್ಯಾಂಕ್ ಮುಳುಗಿಸಿದೋರು ಮದುವೆಮನೆಯಲ್ಲಿ ಮೊದಲನೇ ಸಾಲಲ್ಲಿ ಕೂತಿರ್ತಾರೆ. ಈ ಹುಡುಗನಿಗೆ ನಾಚಿಕೆಯಾದ್ರೂ ಇದೆ. ಒಂದು ಸಲ ಶೆಟ್ಟರ ಅಂಗಡಿಯಲ್ಲಿ ನಾನು ಎಂಟಾಣೆ ಕದ್ದಿದ್ದಕ್ಕೆ ನಮ್ಮಪ್ಪ ನನ್ನನ್ನ ಕೈ ಹಿಡಿದು ಅಂಗಡಿಗೇ ಕರ್ಕೊಂಡು ಹೋಗಿ ಎಲ್ಲರ ಮುಂದೆ ವಾಪಸ್ ಕೊಡಿಸಿದ್ರು. ಇವತ್ತಿನವರೆಗೂ ಇನ್ನೊಬ್ಬರ ಐದು ಪೈಸೆ ಮುಟ್ಟಿಲ್ಲ. ಅದು ನಾಚಿಕೆಯ ಕೆಲಸವೇ ತಾನೇ?

ಹಳೇ ಕೇಸ್ ಶೀಟ್ · ಬುಧವಾರ, ಮಧ್ಯಾಹ್ನ 1:40

ಇವರ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಒಪ್ಪಿಕೊಳ್ತೀನಿ. ನಾಚಿಕೆ ಬರೀ ಕೆಟ್ಟದ್ದು ಅನ್ನೋದನ್ನ ಇತ್ತೀಚಿನವರು ಪ್ರಶ್ನಿಸಿದ್ದಾರೆ. ಡಚ್ ಸಂಶೋಧಕಿ ಇಲೋನಾ ಡಿ ಹೂಗೆ ಮಾಡಿದ ಪ್ರಯೋಗಗಳಲ್ಲಿ ನಾಚಿಕೆಗೊಂಡವರು ಮೊದಲು ಪ್ರಯತ್ನಿಸೋದು ಹೋದ ಹೆಸರನ್ನ ವಾಪಸ್ ಗಳಿಸೋಕೆ. ಅದು ಆಗದ ಮಾತು, ಅಥವಾ ತೀರಾ ಅಪಾಯ ಅನ್ನಿಸಿದಾಗ ಮಾತ್ರ ಹಿಂದೆ ಸರಿದು ಅಡಗೋದು.

ಜೈಲಿನದ್ದೊಂದು ಅಧ್ಯಯನವೂ ಇದೆ. ಟ್ಯಾಂಗ್ನಿಯವರ ತಂಡ 2014ರಲ್ಲಿ ಪ್ರಕಟಿಸಿದ್ದು. 476 ಕೈದಿಗಳನ್ನ ಜೈಲು ಸೇರಿದ ಹೊಸದರಲ್ಲಿ ಮಾತಾಡಿಸಿ, ಬಿಡುಗಡೆಯಾಗಿ ಒಂದು ವರ್ಷದ ಮೇಲೆ ಯಾರು ಮತ್ತೆ ಅಪರಾಧ ಮಾಡಿದ್ರು ಅಂತ ನೋಡಿದರು. ಗಿಲ್ಟ್ ಹೆಚ್ಚಿದ್ದವರು ಮತ್ತೆ ತಪ್ಪು ಮಾಡಿದ್ದು ಕಡಿಮೆ. ನಾಚಿಕೆಗೆ ಮಾತ್ರ ಎರಡು ಮುಖ ಕಾಣಿಸಿತು. ನಾಚಿಕೆಯಾಗಿ, ಆ ಉರಿಗೆ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟಿದವರು ಮತ್ತೆ ಅಪರಾಧಕ್ಕೆ ಇಳಿದದ್ದು ಹೆಚ್ಚು. ಇನ್ನೊಬ್ಬರ ತಲೆಗೆ ಕಟ್ಟದೆ ನಾಚಿಕೆಯನ್ನ ಹೊತ್ತುಕೊಂಡವರನ್ನ ಅದೇ ನಾಚಿಕೆ ಸ್ವಲ್ಪ ತಡೆದಿತ್ತು.

ಈಗ ನಿಮ್ಮ ಎಂಟಾಣೆ. ನಿಮ್ಮಪ್ಪ ಕೈ ಹಿಡಿದಿದ್ದರು, ಅಂಗಡಿಯವರೆಗೆ ಜೊತೆಗೇ ಬಂದರು, ಕೈಯಲ್ಲಿ ವಾಪಸ್ ಕೊಡೋ ಎಂಟಾಣೆ ಇತ್ತು, ಕೊಟ್ಟ ಮೇಲೆ ಮುಗೀತು, ಕೈ ಹಿಡಿದೇ ಮನೆಗೆ ಕರ್ಕೊಂಡು ಬಂದರು. ಅದೇ ನಿಮ್ಮಪ್ಪ ಬೀದಿಗೆ ಕೇಳೋ ಹಾಗೆ "ಕಳ್ಳನನ್ನ ಹೆತ್ತೆ" ಅಂತ ಕೂಗಿ ಬಾಗಿಲು ಹಾಕಿಕೊಂಡಿದ್ದರೆ? ಕಥೆ ಬೇರೆ ಥರ ಆಗ್ತಿತ್ತು ಅಂತ ನನಗನ್ನಿಸುತ್ತೆ. ಆಸ್ಟ್ರೇಲಿಯದ ಜಾನ್ ಬ್ರೇಥ್‌ವೇಟ್ 1989ರಲ್ಲೇ ಈ ಎರಡನ್ನ ಬೇರೆ ಮಾಡಿ ಬರೆದಿದ್ದಾರೆ. ಒಂದು, ತಪ್ಪನ್ನ ತಪ್ಪು ಅಂತಲೇ ಹೇಳಿ ಮನುಷ್ಯನನ್ನ ಪಂಕ್ತಿಗೆ ವಾಪಸ್ ಕೂರಿಸೋದು. ಇನ್ನೊಂದು, ಹಣೆಗೆ ಮುದ್ರೆ ಹೊಡೆದು ಪಂಕ್ತಿಯಿಂದ ಎಬ್ಬಿಸೋದು.

ಮೈಸೂರು ಪಾಕಶಾಲೆ · ಬುಧವಾರ, ಮಧ್ಯಾಹ್ನ 2:05

ಕೈ ಹಿಡಿದಿದ್ದು ನಿಜ. ಬರುವಾಗ ಬೋಂಡ ಬೇರೆ ಕೊಡಿಸಿದ್ರು. ಆದರೂ ನಾಚಿಕೆ ಬೇಡ ಅಂತ ನಾನು ಒಪ್ಪಲ್ಲ.

ಹನ್ನೊಂದನೇ ವರ್ಷ · ಬುಧವಾರ, ರಾತ್ರಿ 10:20

ಕುಡಿತ ಬಿಟ್ಟು ಹನ್ನೊಂದು ವರ್ಷ. ನಿಮ್ಮ ತಮ್ಮ ನಾನೇ.

ಒಂದು ಎಚ್ಚರಿಕೆ ಹೇಳ್ತೀನಿ. ಅವನು ವಾಪಸ್ ಬಂದಾಗ ಕಾಲಿಗೆ ಬಿದ್ದು, "ನಾನು ಪಾಪಿ, ನಾಲಾಯಕ್, ನಾನು ಇರಬಾರದಿತ್ತು" ಅಂತ ಅಳಬಹುದು. ನೋಡೋರಿಗೆ ಪಶ್ಚಾತ್ತಾಪ ಅನ್ನಿಸುತ್ತೆ. ನಾನು ಹೆಂಡತಿ ಮುಂದೆ ಇದನ್ನ ಎಷ್ಟು ಸಲ ಮಾಡಿದ್ದೀನೋ ಲೆಕ್ಕ ಇಲ್ಲ. ಏನಾಗ್ತಿತ್ತು ಗೊತ್ತಾ? ಅವಳ ಸರ ಅಡ ಇಟ್ಟಿದ್ದು ನಾನು, ಕೊನೆಗೆ ಸಮಾಧಾನ ಮಾಡ್ತಿದ್ದು ಅವಳು. "ಹೋಗ್ಲಿ ಬಿಡಿ, ಹಾಗೆಲ್ಲ ಅನ್ಬೇಡಿ" ಅಂತ. ಸರದ ಮಾತೇ ಬರ್ತಿರಲಿಲ್ಲ. ಅದೂ ಅಡಗಿಕೊಳ್ಳೋದೇ, ಕಣ್ಣೀರಿನ ಹಿಂದೆ.

ಕುಡಿತ ಬಿಟ್ಟವರ ನಮ್ಮ ಎಎ ಗುಂಪಿನಲ್ಲಿ ಎಂಟನೇ ಮೆಟ್ಟಿಲು ಅಂದರೆ ಯಾರ್ಯಾರಿಗೆ ಹಾನಿ ಮಾಡಿದ್ದೀವಿ ಅಂತ ಪಟ್ಟಿ ಬರೆಯೋದು. ಒಂಬತ್ತನೇದು ಅವರ ಹತ್ರ ಹೋಗಿ ಸರಿಪಡಿಸೋದು, ಅದರಿಂದ ಅವರಿಗೋ ಬೇರೆಯವರಿಗೋ ಮತ್ತೆ ನೋವಾಗೋ ಹಾಗಿದ್ದರೆ ಮಾತ್ರ ಬಿಡೋದು. ನಾನು ಮೊದಲು ತಂದ ಪಟ್ಟಿಯಲ್ಲಿ "ಹೆಂಡತಿಗೆ ಬಹಳ ನೋವು ಕೊಟ್ಟೆ" ಅಂತಿತ್ತು. ನನ್ನ ಸ್ಪಾನ್ಸರ್, ಅಂದರೆ ಗುಂಪಿನಲ್ಲಿ ನನಗೆ ದಾರಿ ತೋರಿಸ್ತಿದ್ದ ಹಿರಿಯರು, ಅದನ್ನ ವಾಪಸ್ ಕೊಟ್ಟು, "ಸರ ಎಷ್ಟು ಗ್ರಾಂ, ಎಲ್ಲಿ ಇಟ್ಟಿದ್ದೆ, ಬಿಡಿಸೋಕೆ ಎಷ್ಟು ಬೇಕು, ಅದನ್ನ ಬರ್ಕೊಂಡು ಬಾ" ಅಂದರು. 18 ಗ್ರಾಂ ಅಂತ ಬರೆಯೋವಾಗ ಕೈ ನಡುಗಿತು. ಪಾಪಿ ಅಂತ ಬರೆಯೋವಾಗ ನಡುಗಿರಲಿಲ್ಲ.

ದೊಡ್ಡಕ್ಕ · ಗುರುವಾರ, ಬೆಳಿಗ್ಗೆ 6:30

ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರಾಯೋಗಿಕವಾಗಿ ಹೇಳಿ. ಭಾನುವಾರ ತುಮಕೂರಿಗೆ ಹೋಗ್ತಿದ್ದೀನಿ. ಏನು ಮಾತಾಡಲಿ? "ನಿಂದೇನೂ ತಪ್ಪಿಲ್ಲ" ಅನ್ನೋಕೆ ನನ್ನ ಕೈಲಾಗಲ್ಲ, ಆ ಅಕ್ಕನ ಮಗಳು ನನ್ನ ಹತ್ರ ಟ್ಯೂಷನ್‌ಗೆ ಬರ್ತಿದ್ದೋಳು.

ಹಳೇ ಕೇಸ್ ಶೀಟ್ · ಗುರುವಾರ, ಬೆಳಿಗ್ಗೆ 10:15

ಹಾಗನ್ನಲೂ ಬೇಡಿ. ತಪ್ಪನ್ನ ಚಿಕ್ಕದು ಮಾಡಿದರೆ ಅವನು ನಂಬಲ್ಲ, ಅದು ಆ ಅಕ್ಕನಿಗೂ ಅನ್ಯಾಯ. ತಪ್ಪು ಎಷ್ಟಿದೆಯೋ ಅಷ್ಟೇ ಇರಲಿ. ಅವನನ್ನ ಮಾತ್ರ ಅದಕ್ಕಿಂತ ದೊಡ್ಡವನಾಗಿ ನೋಡಿ.

ಅಪ್ಪನನ್ನೋ ಚಿಕ್ಕಪ್ಪಂದಿರನ್ನೋ ಕರ್ಕೊಂಡು ಹೋಗಬೇಡಿ, ಒಬ್ಬರೇ ಹೋಗಿ. ಎದುರುಬದುರು ಕೂರೋ ಬದಲು ಪಕ್ಕದಲ್ಲಿ ಕೂತು ಮಾತಾಡಿ, ಅಥವಾ ನಡೀತಾ. ಇದು ವಾರ್ಡಿನಲ್ಲಿ ಕಲಿತದ್ದು, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಕಣ್ಣು ತಪ್ಪಿಸೋಕೆ ಅವಕಾಶ ಇದ್ದರೆ ಬಾಯಿ ಬಿಡ್ತಾರೆ. "ಯಾಕೆ ಹೀಗೆ ಮಾಡ್ದೆ" ಅಂತ ಮೊದಲೇ ಕೇಳಬೇಡಿ. ಅದಕ್ಕೆ ಅವನ ಹತ್ರ ಇರೋ ಉತ್ತರ ಒಂದೇ, "ನಾನು ಅಂಥವನು." "ಎಷ್ಟು, ಯಾರಿಗೆ, ಯಾವಾಗ" ಅಂತ ಕೇಳಿ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಅವನ ಕೈಯಲ್ಲೇ ಬರೆಸಿ.

ಅವನು "ನಾನು ನಾಲಾಯಕ್" ಅಂದ್ರೆ ಅದರ ಮೇಲೆ ವಾದ ಮಾಡಬೇಡಿ, ಹೌದು ಅನ್ನಲೂಬೇಡಿ, ಅಲ್ಲ ಅನ್ನಲೂಬೇಡಿ. ನೋಟ್‌ಬುಕ್ಕಿಗೆ ವಾಪಸ್ ಬನ್ನಿ. ದಾರಿ ತಿರುಗಿದ್ದು ಹೇಗೆ ಗೊತ್ತಾಗುತ್ತೆ ಅಂದರೆ, ತಾನಾಗಿಯೇ ಆ ಅಕ್ಕನ ಬಗ್ಗೆ ಕೇಳ್ತಾನೆ. "ಅವರು ನನ್ನ ಬಗ್ಗೆ ಏನಂತಿದ್ದಾರೆ" ಅಂತಲ್ಲ, ಅದು ಇನ್ನೂ ಹಳೇ ಬೀದಿಯೇ. "ಫೀಸು ಕಟ್ಟಿದ್ರಾ" ಅಂತ ಕೇಳಿದ ದಿನ ಬಸ್ ಹತ್ತಿಸಿ.

ಕೇಳದೆಯೇ ಇರಬಹುದು. ಆ ಸಾಧ್ಯತೆಯೂ ಇದೆ.

ಹುಬ್ಬಳ್ಳಿ ಮೇಲ್ · ಗುರುವಾರ, ಬೆಳಿಗ್ಗೆ 11:00

ನಾ ಮೊದಲು ಹೇಳಿದ್ದು ಒರಟ ಆತೇನೋ. ಆದರ ಒಂದ ಮಾತ್ರಿ. ಇದೆಲ್ಲಾ ಆಗೂ ತನಕ ಆ ಟೇಲರ್ ಬಾಯಾರು ಕಾಯಬೇಕೇನು? ಅವರ ಮನಸ್ಸಿನ ಬಗ್ಗೆ ಯಾರೂ ಬರದಿಲ್ಲ ಇಲ್ಲಿ.

ದೊಡ್ಡಕ್ಕ · ಗುರುವಾರ, ಬೆಳಿಗ್ಗೆ 11:20

ಸರಿಯಾಗಿ ಹೇಳಿದಿರಿ ಅಣ್ಣ. ಇವತ್ತೇ ಹೋಗಿ ಬರ್ತೀನಿ.

ದೊಡ್ಡಕ್ಕ · ಮೂರು ವಾರದ ನಂತರ, ಭಾನುವಾರ, ಸಂಜೆ 6:45

ಏನಾಯ್ತು ಅಂತ ಕೇಳಿ ಸುಮಾರು ಜನ ಮೆಸೇಜ್ ಮಾಡಿದ್ರಿ.

ಮೊದಲು ಅಕ್ಕನ ಹತ್ರ ಹೋದೆ. ಫೀಸು ಕಟ್ಟೋಕೆ 20ನೇ ತಾರೀಕು ಕಡೇ ದಿನ, 32,000 ಬೇಕು ಅಂದ್ರು. ನಾನು ಕೊಡ್ತೀನಿ ಅಂದೆ. "ನೀನು ಕೊಟ್ರೆ ಅವನು ಇನ್ನೂ ಬರಲ್ಲ" ಅಂದ್ರು. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ.

ತುಮಕೂರಿನಲ್ಲಿ ಮೊದಲ ಒಂದು ಗಂಟೆ ಅವನು ಬಾಯೇ ಬಿಡಲಿಲ್ಲ. ಅಮಾನಿಕೆರೆ ಸುತ್ತ ನಡೆದ್ವಿ. "ನಾನು ಮನೆಗೆ ಶನಿ" ಅಂದ. ಏನೂ ಹೇಳದೆ ನೋಟ್‌ಬುಕ್ ಕೊಟ್ಟೆ. ಬೆಂಚಿನ ಮೇಲೆ ಕೂತು 60,000 ಅಂತ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. 88,600. ಕೈಯಲ್ಲಿ ಉಳಿದಿದ್ದು 11,400, ಅದರಲ್ಲಿ ಒಂದು ರೂಪಾಯಿನೂ ಮುಟ್ಟಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ಸಂಜೆ ಬಸ್ ಹತ್ತೋವಾಗ ಕೇಳಿದ್ದು ಫೀಸಿನ ಬಗ್ಗೆ ಅಲ್ಲ. "ಅಕ್ಕ, ಅವರು ಕರೆಂಟ್ ಮೆಷಿನ್ ತಗೋಬೇಕು ಅಂತಿದ್ರು, ತಗೊಂಡ್ರಾ?" ಅಂದ. ಇದನ್ನ ಯಾವ ಲೆಕ್ಕಕ್ಕೆ ಹಾಕೋದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಅತ್ತೆ.

ನಾಲ್ಕು ದಿನ ಬಿಟ್ಟು ಬಂದ. ಅಕ್ಕನ ಮನೆಗೆ ಅವನ ಜೊತೆ ಹೋದೆ, ಬಾಗಿಲ ಹತ್ರ ನಿಂತಿದ್ದೆ. ಅವರು ಬ್ಲೌಸಿಗೆ ಹುಕ್ಸ್ ಹಾಕ್ತಿದ್ರು, ತಲೆ ಎತ್ತಲಿಲ್ಲ. "ನಿಮ್ಮ 1 ಲಕ್ಷದಲ್ಲಿ 88,600 ನನ್ನ ಸಾಲಕ್ಕೆ ಕೊಟ್ಟುಬಿಟ್ಟೆ ಅಕ್ಕ, ಇದು 11,400" ಅಂತ ಮೆಷಿನ್ ಮೇಲೆ ಇಟ್ಟ. ಗಂಟಲು ಕಟ್ಟಿತ್ತು, ಆದ್ರೆ ಕಾಲಿಗೆ ಬೀಳಲಿಲ್ಲ. ಅವರು ದಾರ ಕಚ್ಚಿ ಕತ್ತರಿಸಿ, "20ನೇ ತಾರೀಕಿನೊಳಗೆ ಎಷ್ಟು ಕೊಡ್ತೀಯ?" ಅಂದ್ರು. ಬೈಕ್ ಮಾರಿ 35,000 ಕೊಟ್ಟ. ಉಳಿದ 53,600ಕ್ಕೆ ತಿಂಗಳಿಗೆ 6,000. ಬಾಯಿ ಮಾತು ಬೇಡ ಅಂತ ಬರೆಸಿಕೊಂಡ್ರು.

ಕ್ಷಮಿಸಿದ್ರಾ ಅಂದ್ರೆ ಇಲ್ಲ. ಬೀದಿಯಲ್ಲಿ ಸಿಕ್ಕರೆ ಮಾತಾಡಿಸಲ್ಲ. ಉಳಿದ ಎರಡು ತಿಂಗಳ ಚೀಟಿಯನ್ನ ಬೇರೆಯವರು ನಡೆಸ್ತಿದ್ದಾರೆ, ಡಬ್ಬಿನೂ ಇಸ್ಕೊಂಡ್ರು. ಒಬ್ಬರು ಅಂಗಡಿ ಮುಂದೆ ನಿಂತು ಕಳ್ಳ ಅಂತ ಕೂಗಿ ಹೋದ್ರು. ಅವತ್ತು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದು ಮಲಗಿದವನು ಎರಡು ದಿನ ಏಳಲಿಲ್ಲ. ಮೂರನೇ ದಿನ ಹೋದ. ಈಗಲೂ ಶಟರ್ ಅರ್ಧ ಎಳ್ಕೊಂಡೇ ಕೂತಿರ್ತಾನೆ, ಗಿರಾಕಿಗಳು ಬಗ್ಗಿ ಒಳಗೆ ಹೋಗಬೇಕು.

ಹಳೇ ಕೇಸ್ ಶೀಟ್ · ಭಾನುವಾರ, ರಾತ್ರಿ 8:00

ಬಗ್ಗಿ ಹೋಗೋ ಗಿರಾಕಿಗಳಿದ್ದಾರಲ್ಲ.

ಒಂದು ಕೇಳಲಾ? ಆ ನೋಟ್‌ಬುಕ್ಕಿನಲ್ಲಿ ಬರೆದದ್ದು ಅಷ್ಟೇನಾ? ಅನುಭವದ ಮಾತು, ಮೊದಲನೇ ಪಟ್ಟಿ ಪೂರ್ತಿ ಇರೋದು ಅಪರೂಪ.

ದೊಡ್ಡಕ್ಕ · ಭಾನುವಾರ, ರಾತ್ರಿ 8:25

ನನಗೂ ಅನುಮಾನ ಇದೆ. ಡಿಸ್‌ಪ್ಲೇಗೆ ಕೊಟ್ಟಿದ್ದು 60,000 ಅಂತಾನೆ, ಸ್ನೇಹಿತ ಬೇರೆ ಏನೋ ಹೇಳೋಕೆ ಹೋಗಿ ಸುಮ್ಮನಾದ. ನಾನಿನ್ನೂ ಕೇಳಿಲ್ಲ. ನಾಳೆ ಊಟಕ್ಕೆ ಬಾ ಅಂದಿದ್ದೀನಿ. ಗೇಟ್ ದಾಟಿ ಒಳಗೆ ಬರ್ತಾನಾ ನೋಡ್ಬೇಕು.